ಕಿವಿಯಲ್ಲಿ ಮೈಕ್ ಇಟ್ಟು ತೋಟದ ಸದ್ದು ಹಿಡಿಯುವುದು ಹೇಗೆ?

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮಳೆ ನಿಂತರೂ ಮರದ ಮಳೆ ನಿಲ್ಲುವುದಿಲ್ಲ. ಸಿಲ್ವರ್ ಓಕ್ ಮರಗಳಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಒಂದು ಹನಿ ನೆತ್ತಿಯ ಮೇಲಿನ ಎಲೆಗೆ, ಇನ್ನೊಂದು ಬೆನ್ನ ಹಿಂದಿನ ಕಾಫಿ ಗಿಡಕ್ಕೆ. ಇದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಬರೀ ಚಟಪಟ ಸದ್ದು. ಯಾವ ಹನಿ ಎಲ್ಲಿ ಬಿತ್ತೆಂದು ತಿಳಿಯದು. ಆ ‘ಎಲ್ಲಿ’ಯನ್ನು ಉಳಿಸಿಕೊಡುವುದು ಬೈನಾರಲ್ ಧ್ವನಿಮುದ್ರಣ. ಇದಕ್ಕೆ ಕಡಲೆಕಾಳಿನಷ್ಟು ಪುಟ್ಟ ಎರಡು ಮೈಕ್‌ಗಳನ್ನು ರೆಕಾರ್ಡ್ ಮಾಡುವವರೇ ತಮ್ಮ ಕಿವಿಗಳಲ್ಲಿ ಧರಿಸುತ್ತಾರೆ.

ಎಡಗಡೆ ಬಿದ್ದ ಹನಿಯ ಸದ್ದು ಬಲಗಿವಿಗೆ ಸುಮಾರು 0.6 ಮಿಲಿಸೆಕೆಂಡ್ ತಡವಾಗಿ, ತಲೆ ಅಡ್ಡ ಬರುವುದರಿಂದ ತುಸು ಮಂಕಾಗಿ ತಲುಪುತ್ತದೆ. ಎಡ ಬಲ ತಿಳಿಯಲು ಇಷ್ಟು ಸಾಕು. ಮೇಲೆ, ಕೆಳಗೆ, ಮುಂದೆ, ಹಿಂದೆ ಎಂಬುದನ್ನು ಹೇಳುವುದು ಹೊರಕಿವಿಯ ಮಡಿಕೆಗಳು. ಅವು ತೀಕ್ಷ್ಣ ಸ್ವರಗಳನ್ನು ದಿಕ್ಕಿಗೆ ತಕ್ಕಂತೆ ಬದಲಿಸುತ್ತವೆ. ಹಾಗಾಗಿ ಮೈಕ್ ಕಿವಿಯ ತೂತಿನ ಬಾಯಲ್ಲೇ ಕೂರಬೇಕು. ಒಳಗೆ ತುರುಕಬಾರದು, ಹೊರಗೆ ಜಾರಲೂ ಬಿಡಬಾರದು.

ರೆಕಾರ್ಡರ್‌ನಲ್ಲಿ ಸ್ಟೀರಿಯೊ ಮೈಕ್ ಇನ್‌ಪುಟ್ ಇರಬೇಕು. ಅದು ಮೈಕ್‌ಗೆ ಬೇಕಾದ ಕೆಲವೇ ವೋಲ್ಟ್‌ಗಳ ಪ್ಲಗ್-ಇನ್ ಪವರ್ ಕೊಡುವಂತಿರಬೇಕು. ಸ್ಟುಡಿಯೊ ಮೈಕ್‌ಗಳ 48 ವೋಲ್ಟ್ ಪೂರೈಕೆ ಬೇರೆಯದೇ, ಅದಕ್ಕೆ ಇವನ್ನು ನೇರವಾಗಿ ಜೋಡಿಸಬೇಡಿ. ಮೊಬೈಲಿನ ಇಯರ್‌ಫೋನ್ ಜಾಕ್ ಒಂದೇ ಮೈಕ್‌ನ ಸದ್ದು ತೆಗೆದುಕೊಳ್ಳುವುದರಿಂದ ಇಲ್ಲಿ ಕೆಲಸಕ್ಕೆ ಬಾರದು. ತಾನಾಗಿಯೇ ಸದ್ದನ್ನು ಏರಿಸಿ ಇಳಿಸುವ ಸೌಲಭ್ಯವನ್ನು ಆಫ್ ಮಾಡಿ. ಎರಡೂ ಚಾನೆಲ್‌ಗಳ ಮಟ್ಟ ಒಂದೇ ಇರಲಿ. ಅತಿ ಜೋರಿನ ಸದ್ದು ರೆಕಾರ್ಡರ್‌ನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ.

ರೆಕಾರ್ಡ್ ಶುರುವಾದ ಕೂಡಲೇ ಬೆಂಕಿಪೊಟ್ಟಣವೊಂದನ್ನು ಕೈಯಳತೆಯಲ್ಲಿ ಹಿಡಿದು, ‘ಎಡ’, ‘ಬಲ’, ‘ಮುಂದೆ’, ‘ಹಿಂದೆ’, ‘ಮೇಲೆ’ ಎಂದು ಹೇಳುತ್ತ ಆಯಾ ದಿಕ್ಕಿನಲ್ಲಿ ಅಲುಗಾಡಿಸಿ. ಈ ಅರ್ಧ ನಿಮಿಷವನ್ನು ನಾನು ಎಂದೂ ಬಿಡುವುದಿಲ್ಲ. ಒಮ್ಮೆ ಬಿಟ್ಟಿದ್ದೆ. ನಲವತ್ತು ನಿಮಿಷ ನಿಂತು ಹಿಡಿದ ಹನಿಗಳು ಮನೆಯಲ್ಲಿ ಕೇಳಿದಾಗ ಎಡಗಡೆ ಹರಡಿಕೊಂಡಿದ್ದವು, ಬಲಗಡೆ ಮಾತ್ರ ಎಲ್ಲವೂ ಕಿವಿಗೇ ಅಂಟಿದಂತಿದ್ದವು. ಮೇಲಿನಿಂದ ಬಂತು ಎನಿಸಿದ್ದು ಒಂದೂ ಇರಲಿಲ್ಲ. ಬಲಗಿವಿಯ ಮೈಕ್ ಜಾರಿ ಕಿವಿಯ ಮಡಿಕೆಗಳಿಂದ ಹೊರಗೆ ತೂಗಾಡಿತ್ತು. ಬೆಂಕಿಪೊಟ್ಟಣದ ಪರೀಕ್ಷೆ ಮಾಡಿ ಅಲ್ಲೇ ಒಮ್ಮೆ ಕೇಳಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಈಗ ಮೈಕ್‌ನ ತಂತಿಯನ್ನು ಕಿವಿಯ ಹಿಂದಿನಿಂದ ತಂದು, ಕುತ್ತಿಗೆಗೆ ಚರ್ಮಕ್ಕೆ ಹಾಕುವ ಟೇಪ್‌ನಿಂದ ಅಂಟಿಸುತ್ತೇನೆ.

ಆಮೇಲಿನ ಕೆಲಸವೆಂದರೆ ಅಲುಗಾಡದಿರುವುದು. ನೀವು ತಲೆ ತಿರುಗಿಸಿದರೆ ಕೇಳುವವರ ಪಾಲಿಗೆ ಇಡೀ ತೋಟವೇ ತಿರುಗುತ್ತದೆ. ಕುಟ್ರುಹಕ್ಕಿ ಎಡಗಡೆ ಕೂಗಿತೆಂದು ಅತ್ತ ನೋಡಿದಿರೋ, ರೆಕಾರ್ಡಿಂಗ್‌ನಲ್ಲಿ ಅದು ಹಾರದೆಯೇ ಮುಂದಕ್ಕೆ ಬಂದು ಕೂತಿರುತ್ತದೆ. ಎದುರಿನ ಒಂದು ಕಾಂಡಕ್ಕೆ ಕಣ್ಣು ನೆಟ್ಟು ನಿಲ್ಲಿ. ಉಗುಳು ನುಂಗಿದ್ದೂ ಕೇಳುತ್ತದೆ, ರೈನ್‌ಕೋಟಿನ ಸರಸರವಂತೂ ಹನಿಗಳನ್ನೇ ನುಂಗಿಬಿಡುತ್ತದೆ. ಹತ್ತಿಯ ಅಥವಾ ಉಣ್ಣೆಯ ಬಟ್ಟೆ ಒಳ್ಳೆಯದು. ಗಾಳಿ ಬೀಸಿದರೆ ಗುಡುಗುಡು ಎನ್ನುವುದರಿಂದ ಮೈಕ್‌ಗೆ ಸ್ಪಂಜಿನ ಟೊಪ್ಪಿಗೆ ಬೇಕು. ಇಷ್ಟು ಚಿಕ್ಕ ಮೈಕ್‌ಗಳಿಗೆ ತಮ್ಮದೇ ಒಂದು ‘ಸ್’ ಸದ್ದಿರುತ್ತದೆ. ಹನಿ, ಜೀರುಂಡೆ ಇರುವಲ್ಲಿ ಅದು ಮುಚ್ಚಿಹೋಗುತ್ತದೆ, ನಿಶ್ಶಬ್ದ ರಾತ್ರಿಯಲ್ಲಿ ಎದ್ದು ಕೇಳುತ್ತದೆ. ಇನ್ನೊಂದು ಮಾತು: ಕಿವಿ ಅರ್ಧ ಮುಚ್ಚಿರುತ್ತದೆ, ನಮ್ಮ ಕಡೆ ಆನೆಗಳು ತೋಟಕ್ಕೆ ಬರುತ್ತವೆ. ಒಬ್ಬರೇ ಹೋಗಬೇಡಿ.

ಕೇಳುವಾಗ ಹೆಡ್‌ಫೋನ್ ಅಥವಾ ಇಯರ್‌ಫೋನ್ ಬೇಕೇ ಬೇಕು. ಸ್ಪೀಕರಿನಲ್ಲಿ ಹಾಕಿದರೆ ಎಡ ಚಾನೆಲ್ಲಿನ ಸದ್ದು ಬಲಗಿವಿಗೂ, ಬಲದ್ದು ಎಡಗಿವಿಗೂ ಹೋಗುತ್ತದೆ. ಒಮ್ಮೆ ಕಿವಿಯ ಮಡಿಕೆ ದಾಟಿ ಬಂದ ಸದ್ದು ಇನ್ನೊಮ್ಮೆ ದಾಟುತ್ತದೆ. ಹನಿ ನೆತ್ತಿಯಿಂದ ಇಳಿದು ಗೋಡೆಗೆ ಹೋಗಿ ಕೂರುತ್ತದೆ. ಮೊಬೈಲಿನಲ್ಲಿ ಸರೌಂಡ್, ಸ್ಪೇಶಿಯಲ್ ಆಡಿಯೊ, ಬಾಸ್ ಹೆಚ್ಚಿಸುವ ಸೌಲಭ್ಯ, ಮೋನೊ ಎಲ್ಲವನ್ನೂ ಆಫ್ ಮಾಡಿ. ಸದ್ದು ಎಷ್ಟಿರಬೇಕು? ನಿಜವಾದ ಬೆಂಕಿಪೊಟ್ಟಣವನ್ನು ಅದೇ ಅಂತರದಲ್ಲಿ ಆಡಿಸಿ ಕೇಳಿ, ಆಮೇಲೆ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್‌ನ ಬೆಂಕಿಪೊಟ್ಟಣವನ್ನು ಅದಕ್ಕೆ ಸರಿದೂಗಿಸಿ.

ಹಿಡಿದದ್ದು ನಿಮ್ಮ ಕಿವಿಯ ಆಕಾರದಲ್ಲಿ, ಕೇಳುವವರ ಕಿವಿ ಬೇರೆ. ನಮ್ಮ ಅಜ್ಜಿಗೆ ಹೆಡ್‌ಫೋನ್ ಹಾಕಿದಾಗ ಮೊದಲ ಹನಿಗೇ ಕತ್ತೆತ್ತಿ ಸೂರು ನೋಡಿದರು. ಆದರೆ ನಾನು ‘ಮುಂದೆ’ ಎಂದು ಆಡಿಸಿದ ಬೆಂಕಿಪೊಟ್ಟಣ ಅವರಿಗೆ ಬೆನ್ನ ಹಿಂದಿನಿಂದ ಕೇಳಿತು. ಮುಂದೆ ಹಿಂದೆಗಳ ಈ ಅದಲುಬದಲು ಅನೇಕರಿಗೆ ಆಗುತ್ತದೆ. ನಿಮ್ಮ ಮೈಕ್ ಸರಿಯಿಲ್ಲವೆಂದು ಅದರಿಂದಲೇ ತೀರ್ಮಾನಿಸಬೇಡಿ. ಎಡ ಬಲವೇ ಅದಲುಬದಲಾಗಿದ್ದರೆ ಮಾತ್ರ ಮೊದಲು ಹೆಡ್‌ಫೋನ್ ತಿರುಗಿಸಿ ಹಾಕಿ ನೋಡಿ.