ಮೂವತ್ನಾಲ್ಕು ಸೆಕೆಂಡಿನ ಪ್ರೋಮೊ: ನೀರ್ ದೋಸೆಯಿಂದ ಸಬ್‌ಸ್ಕ್ರೈಬ್‌ವರೆಗೆ

ನಮ್ಮ ಅಡುಗೆ ಚಾನೆಲ್‌ನ ಮೊದಲ ಪ್ರೋಮೊ "ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ" ಅಂತ ಶುರುವಾಗುತ್ತಿತ್ತು. ಯಾವ ಸೆಕೆಂಡಿನವರೆಗೆ ಎಷ್ಟು ಜನ ನೋಡಿದರೆಂದು ತೋರಿಸುವ ಯೂಟ್ಯೂಬ್ ಗ್ರಾಫ್ ಅಲ್ಲೇ ಕುಸಿದಿತ್ತು. ಪರಿಚಯವೇ ಇಲ್ಲದವರ ಸ್ವಾಗತಕ್ಕೆ ಯಾರೂ ಕಾಯುವುದಿಲ್ಲ.

ಹೊಸದರಲ್ಲಿ ಮೊದಲ ಮೂರು ಸೆಕೆಂಡು ಎರಡು ನೀರ್ ದೋಸೆಗಳನ್ನು ಕಿಟಕಿ ಬೆಳಕಿಗೆ ಎತ್ತಿ ಹಿಡಿದೆ. ಒಂದು ಜಾಲರಿ ಹಾಗೆ, ಇನ್ನೊಂದು ದಪ್ಪ. ಮಾತು ಇಷ್ಟೇ: "ದಪ್ಪ ಯಾಕಾಯ್ತು, ಕೊನೇ ದೋಸೆ? ಹಿಟ್ಟು ಒಂದೇ!" "ಒಂದೇ ಹಿಟ್ಟಲ್ಲಿ ಹೊಯ್ದರೂ ಕೊನೇ ದೋಸೆ ಯಾಕೆ ದಪ್ಪ ಆಗುತ್ತೆ" ಅಂತ ಬರೆದಿದ್ದೆ ಮೊದಲು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪ್ರಶ್ನೆ ಅರ್ಥವಾಗುವಷ್ಟರಲ್ಲಿ ನೋಡುವವರ ಬೆರಳು ಸರಿದಿರುತ್ತದೆ. ತೊಂದರೆಯ ಪದವನ್ನೇ ಮುಂದೆ ತಂದೆ. ಆಡುಮಾತಿನಲ್ಲಿ ಅದು ಸಹಜವೇ.

ಮೂರರಿಂದ ಹದಿನೈದನೇ ಸೆಕೆಂಡಿನವರೆಗೆ ಉತ್ತರ, ಪೂರ್ತಿಯಾಗಿ. ನೀರಾದ ಹಿಟ್ಟಿನಲ್ಲಿ ಅಕ್ಕಿ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯೇ ಮೊದಲು ಖರ್ಚಾಗಿ ಕೊನೆಗೆ ಗಟ್ಟಿ ಉಳಿಯುತ್ತದೆ. ಹಾಗಾಗಿ ಪ್ರತಿ ಸೌಟಿಗೂ ತಳ ಮುಟ್ಟಿ ಕಲಕಬೇಕು. ಇಲ್ಲಿ ಶಾಟ್ ಮೂರೇ: ಪಾತ್ರೆ ತಳದ ಗಸಿ, ಕಲಕುವ ಸೌಟು, ಕಾದ ಕಾವಲಿಗೆ ಹೊಯ್ದಾಗ ಏಳುವ ತೂತು. ಆ ಕೊನೆಯದಕ್ಕೆ ಐದು ಸೆಕೆಂಡು ಬಿಟ್ಟು, ಸಂಗೀತ ತೆಗೆದು ಚುಂಯ್ ಸದ್ದನ್ನಷ್ಟೇ ಉಳಿಸಿದೆ. "ಉತ್ತರಕ್ಕೆ ವಿಡಿಯೋ ನೋಡಿ" ಅಂತ ತಡೆದಿಟ್ಟರೆ ಸಬ್‌ಸ್ಕ್ರೈಬ್ ಆಗುವುದಕ್ಕೆ ಕಾರಣವೇ ಸಿಗುವುದಿಲ್ಲ.

ನಂತರದ ಏಳು ಸೆಕೆಂಡಿಗೆ ಮುದ್ದೆಯ ಗಂಟು, ಚಿತ್ರಾನ್ನದ ಮೆತ್ತಗಾದ ಅನ್ನ. ಇವೆರಡೂ ತಪ್ಪುಗಳೇ ಎನ್ನುವುದು ಮುಖ್ಯ. ಚಂದದ ತಟ್ಟೆಗಳನ್ನು ಜೋಡಿಸಿದ್ದರೆ ಎಳೆ ತಪ್ಪುತ್ತಿತ್ತು.

ಇಪ್ಪತ್ತೆರಡಕ್ಕೆ ಕೇಳಿಕೆ: "ಪ್ರತಿ ಶುಕ್ರವಾರ ಅಡುಗೆಯ ಒಂದು ತಪ್ಪು ಸರಿಮಾಡ್ತೀವಿ. ಬೇಕಿದ್ರೆ ಸಬ್‌ಸ್ಕ್ರೈಬ್ ಮಾಡಿ." ಅದಕ್ಕೆ ಮುಂಚೆ "ಹಾಗಾದ್ರೆ ಸ್ನೇಹಿತರೇ" ಅಂದರೆ ಮುಗಿಯಿತು ಎಂದೇ ಲೆಕ್ಕ, ಜನ ಎದ್ದು ಹೋಗುತ್ತಾರೆ. ಗ್ರಾಫ್ ಇಪ್ಪತ್ತೆರಡಕ್ಕಿಂತ ಒಂದೆರಡು ಸೆಕೆಂಡು ಮೊದಲೇ ಇಳಿಯಲು ಶುರುವಾದರೆ ದೋಷ ಕೇಳಿಕೆಯದಲ್ಲ, ಅದಕ್ಕೆ ಮುಂಚಿನ ಇಂಥ ಮಾತು ಅಥವಾ ಇಳಿದ ದನಿಯದು. ಬೆರಳೆಣಿಕೆಯ ವೀಕ್ಷಣೆಗಳಿದ್ದಾಗ ಮಾತ್ರ ಗ್ರಾಫ್‌ನ ಏರಿಳಿತ ನಂಬಬೇಡಿ.

ಕೊನೆಯ ಏಳು ಸೆಕೆಂಡು ಮಾತಿಲ್ಲ. ದೋಸೆ ತಟ್ಟೆಯನ್ನು ಫ್ರೇಮಿನ ಎಡಕ್ಕಿಟ್ಟು, ಬಲಭಾಗವನ್ನು ಎಂಡ್ ಸ್ಕ್ರೀನ್‌ನ ಸಬ್‌ಸ್ಕ್ರೈಬ್ ಗುಂಡಿಗೆ ಖಾಲಿ ಬಿಟ್ಟೆ. ಯೂಟ್ಯೂಬ್‌ನಲ್ಲಿ ಎಂಡ್ ಸ್ಕ್ರೀನ್ 5ರಿಂದ 20 ಸೆಕೆಂಡು ಇರಬಹುದು, ಆದರೆ ವಿಡಿಯೋ ಕನಿಷ್ಠ 25 ಸೆಕೆಂಡು ಇರಲೇಬೇಕು. ಶಾರ್ಟ್ಸ್‌ಗೆ ಆ ಸೌಲಭ್ಯವಿಲ್ಲ. ಅಡ್ಡ ಫ್ರೇಮಿನಲ್ಲಿ ಚಿತ್ರೀಕರಿಸಿದ್ದು ಅದಕ್ಕೇ. ಯೂಟ್ಯೂಬ್ ಸ್ಟುಡಿಯೋದಲ್ಲಿ ಇದನ್ನೇ ಚಾನೆಲ್ ಟ್ರೇಲರ್ ಮಾಡಿಟ್ಟೆ, ಸಬ್‌ಸ್ಕ್ರೈಬ್ ಆಗದವರಿಗೆ ಅದು ಚಾನೆಲ್ ಪುಟದಲ್ಲೇ ಕಾಣುತ್ತದೆ.