ಮೆಜೆಸ್ಟಿಕ್‌ನಲ್ಲಿ ‘ಆಚೆ ಕಡೆ’ ಎಂದರೆ ಯಾವ ಕಡೆ?

ಧಾರವಾಡದಿಂದ ರಾತ್ರಿ ರೈಲು ಹತ್ತಿ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿದೆ. ಹೋಗಬೇಕಾದದ್ದು ಮಡಿಕೇರಿಗೆ, ಗೆಳೆಯನ ಮನೆಯ ಗೃಹಪ್ರವೇಶಕ್ಕೆ. ರೈಲ್ವೆ ಸ್ಟೇಷನ್ನಿನ ಎದುರಿಗೇ ಮೆಜೆಸ್ಟಿಕ್ ಇರುವಾಗ ಬಸ್ಸಿಗೇನು ಚಿಂತೆ ಅಂದುಕೊಂಡು ರಸ್ತೆ ದಾಟಿದೆ.

ಹೂ ಕಟ್ಟುತ್ತಿದ್ದ ಅಜ್ಜಿಯನ್ನು ಕೇಳಿದೆ. “ಆಚೆ ಕಡೆ ಹೋಗಪ್ಪ.” ಹೋದೆ. ಅಲ್ಲಿ ಚಹಾ ಮಾರುವ ಹುಡುಗನನ್ನು ಕೇಳಿದರೆ ಅವನೂ “ಆಚೆ ಕಡೆ ಅಣ್ಣ” ಎಂದು ನಾನು ಬಂದ ದಿಕ್ಕಿಗೇ ಕೈ ತೋರಿಸಿದ. ಎರಡು ಸಲ ಸುತ್ತಿದ ಮೇಲೆ ತಿಳಿಯಿತು: ಇಲ್ಲಿರುವುದು ಒಂದು ಬಸ್ ಸ್ಟ್ಯಾಂಡ್ ಅಲ್ಲ, ಎರಡು. ಒಂದು ಊರೊಳಗೆ ಓಡಾಡುವ ಬಿಎಂಟಿಸಿಯದು, ಇನ್ನೊಂದು ಪರವೂರಿಗೆ ಹೋಗುವ ಕೆಎಸ್ಸಾರ್ಟಿಸಿಯದು. ಇದರಲ್ಲಿ ನಿಂತವರಿಗೆ ಅದು ಆಚೆ, ಅದರಲ್ಲಿ ನಿಂತವರಿಗೆ ಇದು ಆಚೆ. ನಾನು ಬೆಳಕು ಹರಿಯುವವರೆಗೂ ನಡುವೆಯೇ ಇದ್ದೆ.

ಕೊನೆಗೆ ಪತ್ರಿಕೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಖಚಿತವಾಗಿ ಒಂದು ಪ್ಲಾಟ್‌ಫಾರ್ಮ್ ತೋರಿಸಿದರು. ಬಸ್ಸು ಹೊರಡಲು ತಯಾರಾಗಿತ್ತು. ಬೋರ್ಡು ನೋಡದೆ ಹತ್ತಿ, ಕಿಟಕಿ ಸೀಟು ಹಿಡಿದು, ಬ್ಯಾಗನ್ನು ಮೇಲಿಟ್ಟೆ. ಪಕ್ಕದವರನ್ನು ಸುಮ್ಮನೆ ಕೇಳಿದೆ, “ಮೈಸೂರಿಗೆ ಎಷ್ಟೊತ್ತಿಗೆ ಮುಟ್ಟತದ್ರಿ?”

“ಮೈಸೂರಾ? ಇದು ಮಧುಗಿರಿ ಬಸ್ಸು ಯಜಮಾನ್ರೇ!”

ಹಾರನ್ನುಗಳ ಗದ್ದಲದಲ್ಲಿ, ನಮ್ಮ ಕಡೆಯ ಗಡಿಬಿಡಿ ಮಾತಿನಲ್ಲಿ ಮಡಿಕೇರಿ ಮಧುಗಿರಿಯಾಗಿತ್ತು. ಪಾಪ, ಆ ಹಿರಿಯರು ತಪ್ಪು ಹೇಳಿರಲಿಲ್ಲ. ಅಜ್ಜಿಯ ಕಿವಿಗೆ ಯಾವ ಊರು ಬಿದ್ದಿತ್ತೋ ದೇವರೇ ಬಲ್ಲ.

ಕೆಳಗಿಳಿದು ಕಂಡಕ್ಟರ್ ಹತ್ತಿರ ಹೋದೆ. ಈ ಸಲ ಊರಿನ ಹೆಸರಷ್ಟೇ ಹೇಳಲಿಲ್ಲ. “ಮೈಸೂರು, ಹುಣಸೂರು, ಕುಶಾಲನಗರದ ಮ್ಯಾಲೆ ಹೋಗೋ ಮಡಿಕೇರಿ ಬಸ್ಸು ಎಲ್ಲಿ ನಿಂದರ್ತದ್ರಿ?” ಅವರು ಟಿಕೆಟ್ ಮಷೀನಿನಿಂದ ತಲೆ ಎತ್ತಿ, “ಮೈಸೂರು ಕಡೇದೆಲ್ಲ ಸ್ಯಾಟಲೈಟಿಂದ ಸರ್. ಇಲ್ಲಿ ಕಾದು ಕೂರಬೇಡಿ. ಬಿಎಂಟಿಸಿ ಸ್ಟ್ಯಾಂಡಲ್ಲಿ ಕೆಂಗೇರಿ ಬಸ್ ಹತ್ತಿ, ಸ್ಯಾಟಲೈಟ್ ಅಂತ ಟಿಕೆಟ್ ತಗೊಳ್ಳಿ” ಎಂದರು. ಸ್ಯಾಟಲೈಟ್ ಎಂದರೆ ಮೈಸೂರು ರಸ್ತೆಯಲ್ಲಿರುವ ಬೇರೆಯದೇ ಬಸ್ ನಿಲ್ದಾಣ. ಆ ಹೆಸರನ್ನು ಅಲ್ಲಿವರೆಗೆ ನನಗೆ ಯಾರೂ ಹೇಳಿರಲಿಲ್ಲ, ನನಗೂ ಕೇಳಲು ಗೊತ್ತಿರಲಿಲ್ಲ.

“ಬಿಎಂಟಿಸಿ ಸ್ಟ್ಯಾಂಡು ಯಾವ ಕಡೆರಿ?”

“ಆಚೆ ಕಡೆ.”

ಈ ಸಲ ಬೆರಳು ಯಾವ ಕಡೆಗಿದೆ ಎಂದು ನೋಡಿಕೊಂಡೇ ಹೊರಟೆ. ಸ್ಯಾಟಲೈಟಿನಲ್ಲಿ ಇಳಿದಾಗ ಮಡಿಕೇರಿ ಎಂಬ ಬೋರ್ಡು ಕಣ್ಣೆದುರಿಗೇ ಇತ್ತು. ಆದರೂ ನಂಬಿಕೆ ಬರಲಿಲ್ಲ. ಬಾಗಿಲಲ್ಲಿ ನಿಂತ ಕಂಡಕ್ಟರನ್ನು ಕೇಳಿದೆ, “ಇದು ಕುಶಾಲನಗರದ ಮ್ಯಾಲೆ ಹೋಗೋ ಮಡಿಕೇರಿನ ಅಲ್ಲೇನ್ರಿ?”

ಅವರು ನನ್ನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದರು. “ಬೇರೆ ಯಾವ ಮಡಿಕೇರಿ ಇದೆ ಸರ್?”