ಹಸುವಿನ ಫೋಟೊ ಕದ್ದದ್ದು ಅಂತ ಗೊತ್ತಾಗಿದ್ದು ಹೀಗೆ

ಹೋದ ತಿಂಗಳು ಅಪ್ಪನಿಗೆ ಒಂದು ಎಚ್‌ಎಫ್ ಹಸು ಬೇಕಿತ್ತು. ಆನ್‌ಲೈನ್‌ನಲ್ಲಿ ಒಂದು ಚೆನ್ನಾಗಿರುವುದೇ ಸಿಕ್ಕಿತು. ಮಾರುವವರು ತಮ್ಮದು ಮುಳಬಾಗಿಲು ಕಡೆಯ ಹಳ್ಳಿ ಎಂದು ಹೇಳಿ, 5,000 ರೂಪಾಯಿ ಅಡ್ವಾನ್ಸ್ ಕೇಳಿದರು.

ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿದೆ. ಕಪ್ಪುಬಿಳಿ ಹಸುಗಳು ರಾಶಿ ಬಂದವು, ಆದರೆ ಯಾವುದರ ಮಚ್ಚೆಯೂ ಇದಕ್ಕೆ ಹೊಂದಲಿಲ್ಲ. ಫೋಟೊ ಅಸಲಿ ಅಂದುಕೊಂಡೆ. ಆಮೇಲೆ ದೊಡ್ಡದು ಮಾಡಿ ನೋಡಿದಾಗ, ಕಿವಿಯ ಹಳದಿ ಟ್ಯಾಗಿನ ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು. ಹುಡುಕಿದರೆ ಸಿಗಬಾರದು ಅಂತಲೇ ಫೋಟೊ ತಿರುಗಿಸಿದ್ದರು ಅನಿಸಿತು.

ಗ್ಯಾಲರಿಯ ಎಡಿಟ್‌ನಲ್ಲಿ ಫ್ಲಿಪ್ ಮಾಡಿ ಮತ್ತೆ ಹಾಕಿದೆ. ಈ ಸಲ ಹಿಂದಿದ್ದ ನೀಲಿ ಗೇಟೂ ಸೇರುವಂತೆ ಲೆನ್ಸ್‌ನ ಚೌಕಟ್ಟು ಎಳೆದೆ. ಬರೀ ಹಸು ಇದ್ದರೆ ಅಂಥವೇ ಬೇರೆ ಹಸುಗಳು ಜಾಸ್ತಿ ಬರುತ್ತವೆ. Exact matches ಒತ್ತಿದೆ. ಹರಿಯಾಣದ ಎರಡು ವರ್ಷ ಹಳೆಯ ಜಾಹೀರಾತು ಬಂತು. ಬೆನ್ನಿನ ಮಚ್ಚೆ, ಗೇಟು, ಎಲ್ಲ ಅದೇ.

ಏನೂ ಸಿಗದಿದ್ದರೂ ನಂಬುವ ಹಾಗಿಲ್ಲ. ವಾಟ್ಸಾಪ್‌ನಲ್ಲಷ್ಟೇ ಓಡಾಡಿದ ಫೋಟೊ ಲೆನ್ಸ್‌ಗೆ ಸಿಗುವುದಿಲ್ಲ ಅಲ್ವಾ? ಅದಕ್ಕೇ ಅವರಿಗೆ, "ಅಣ್ಣಾ, ವಿಡಿಯೊ ಕಾಲ್‌ನಲ್ಲಿ ಟ್ಯಾಗಿನ 12 ಅಂಕಿ ತೋರಿಸಿ" ಎಂದೆ. ಫೋನ್ ಇಟ್ಟರು. ಸಂಜೆಗೆ ನನ್ನ ನಂಬರ್ ಬ್ಲಾಕ್ ಆಗಿತ್ತು.